ತಾಳಗುಂದ ಯಾವ ಪುಟದಲ್ಲಿದೆ?

ಶಿಕಾರಿಪುರದಲ್ಲಿರುವ ನನ್ನ ಅಕ್ಕನ ಮಗಳಿಗೆ ದ್ವಿತೀಯ ಪಿಯುಸಿ ಓದುತ್ತಿದ್ದಾಗ ಟೈಫಾಯ್ಡ್ ಬಂದು ಒಂದೂವರೆ ತಿಂಗಳು ಕಾಲೇಜು ತಪ್ಪಿತು. ಅವಳ ಗೆಳತಿ ಇತಿಹಾಸದ ನೋಟ್ಸನ್ನು ತನ್ನ ಲಾಂಗ್ ನೋಟ್‌ಬುಕ್ಕಿನಿಂದ ಪುಟಪುಟವೂ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದಳು. ಎಣಿಸಿದರೆ 88 ಫೋಟೊ. ಜ್ವರ ಬಿಟ್ಟು ಓದಲು ಕೂತ ಹುಡುಗಿ ಒಂದು ಸಂಜೆ ನನಗೆ ಫೋನ್ ಮಾಡಿದಳು. "ಚಿಕ್ಕಮ್ಮಾ, ತಾಳಗುಂದ ನಮ್ಮ ತಾಲ್ಲೂಕಿನದೇ ಊರು. ಆದರೆ ಈ ಫೋಟೊಗಳಲ್ಲಿ ತಾಳಗುಂದ ಶಾಸನ ಎಲ್ಲಿದೆ ಅಂತ ಅರ್ಧ ಗಂಟೆಯಿಂದ ಹುಡುಕ್ತಾ ಇದೀನಿ."

ಅವಳಿಗೆ ಬೇಕಿದ್ದದ್ದು ಇಷ್ಟೇ: 88 ಫೋಟೊ ಸೇರಿ ಒಂದೇ ಪಿಡಿಎಫ್ ಆಗಬೇಕು, ಪುಟಗಳು ನೋಟ್‌ಬುಕ್ಕಿನ ಕ್ರಮದಲ್ಲೇ ಇರಬೇಕು, "ತಾಳಗುಂದ" ಎಂದು ಟೈಪ್ ಮಾಡಿದರೆ ಆ ಪುಟ ತೆರೆದುಕೊಳ್ಳಬೇಕು. ಫೋಟೊಗಳನ್ನು ಪಿಡಿಎಫ್ ಮಾಡಿಕೊಡುವ ಆಪ್‌ಗಳಿಗೆ ಕೊರತೆಯಿಲ್ಲ, ಒಂದುಗೂಡಿಸುವುದು ಐದು ನಿಮಿಷದ ಕೆಲಸ. ಕಷ್ಟವಿರುವುದು ಉಳಿದೆರಡರಲ್ಲಿ. ಅದರಲ್ಲೂ ನೋಟ್ಸು ಕನ್ನಡದ ಕೈಬರಹವಾಗಿದ್ದರೆ ಮೂರನೆಯದನ್ನು ಸಾಮಾನ್ಯವಾಗಿ ಹೇಳಿಕೊಡುವ ದಾರಿಯಲ್ಲಿ ಸಾಧಿಸಲು ಆಗುವುದೇ ಇಲ್ಲ. ಬೇರೆ ದಾರಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕ್ರಮದ ವಿಚಾರ. ಫೋಟೊ ತೆಗೆದ ಕ್ರಮದಲ್ಲೇ ಫೋನಿನಲ್ಲಿ ಇರುತ್ತದಲ್ಲ, ಅದೇ ಸಾಲದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ನಿಮ್ಮದೇ ಫೋನಿನಲ್ಲಿ ನೀವೇ ತೆಗೆದಿದ್ದರೆ ಬಹುಮಟ್ಟಿಗೆ ಸಾಕು. ಹೆಚ್ಚಿನ ಆಂಡ್ರಾಯ್ಡ್ ಫೋನುಗಳು IMG_20241112_101532.jpg ಎಂಬಂಥ ಹೆಸರು ಕೊಡುತ್ತವೆ. ಮೊದಲ ಅಂಕಿಗಳು ದಿನಾಂಕ, ಮುಂದಿನವು ಗಂಟೆ, ನಿಮಿಷ, ಸೆಕೆಂಡು. ಹೆಸರಿನ ಪ್ರಕಾರ ಜೋಡಿಸಿದರೆ ತೆಗೆದ ಕ್ರಮವೇ ಬರುತ್ತದೆ. ಅಲ್ಲೂ ಒಂದು ತೊಡಕಿದೆ. ಮಸುಕಾದ ಪುಟವನ್ನು ಕೊನೆಯಲ್ಲಿ ಮತ್ತೆ ತೆಗೆದಿರುತ್ತೇವೆ. 12ನೇ ಪುಟ ಆಗ 86ರ ನಂತರ ಬಂದು ಕೂರುತ್ತದೆ.

ಅದೇ ಫೋಟೊ ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಬಂದರೆ ಹೆಸರು ಬದಲಾಗುತ್ತದೆ: IMG-20241112-WA0031.jpg. ಇಲ್ಲಿರುವುದು ಫೋಟೊ ತೆಗೆದ ದಿನವಲ್ಲ, ಬಂದ ದಿನ. ಕೊನೆಯ ಅಂಕಿ ಆ ದಿನ ಬಂದ ಚಿತ್ರಗಳ ಲೆಕ್ಕ. ಫೋಟೊ ತೆಗೆದ ಸಮಯವನ್ನು ಕ್ಯಾಮೆರಾ ಫೈಲಿನ ಒಳಗೂ ಬರೆದಿಟ್ಟಿರುತ್ತದೆ, ವಾಟ್ಸಾಪ್ ಅದನ್ನೂ ಅಳಿಸಿಬಿಡುತ್ತದೆ. ಇನ್ನೊಂದು ಸಂಗತಿ ನಮಗೆ ತಡವಾಗಿ ಹೊಳೆಯಿತು. ಫೋನಿನ ಗ್ಯಾಲರಿ ಹೊಸ ಚಿತ್ರವನ್ನು ಮೊದಲು ತೋರಿಸುತ್ತದೆ. ಕಳಿಸುವವರು ಮೇಲಿನಿಂದ ಕೆಳಕ್ಕೆ ಒಂದೊಂದನ್ನೇ ಆರಿಸುತ್ತ ಹೋದರೆ ಕೊನೆಯ ಪುಟ ಮೊದಲು ಹೋಗುತ್ತದೆ, ಇಡೀ ಕಂತು ತಿರುವುಮುರುವು. ಗೆಳತಿ ನಾಲ್ಕು ಕಂತುಗಳಲ್ಲಿ ಕಳಿಸಿದ್ದಳು. ಎರಡು ನೇರವಾಗಿದ್ದವು, ಎರಡು ಉಲ್ಟಾ. ಹೆಸರನ್ನು ನಂಬಿ ಜೋಡಿಸಿದ್ದರೆ ವಿಜಯನಗರದ ಪತನ ಮುಗಿದ ಮೇಲೆ ಅದರ ಸ್ಥಾಪನೆ ಬರುತ್ತಿತ್ತು.

ಹೀಗೆ ಕಳಿಸುವಾಗ ಚಿತ್ರ ಕುಗ್ಗುವುದೂ ಉಂಟು. ಮಾಮೂಲಿ ಗುಣಮಟ್ಟದಲ್ಲಿ ಕಳಿಸಿದರೆ ಉದ್ದದ ಕಡೆ ಸುಮಾರು 1600 ಪಿಕ್ಸೆಲ್ ಉಳಿಯುತ್ತದೆ. ದೊಡ್ಡ ಅಕ್ಷರ ಓದಲು ಅಡ್ಡಿಯಿಲ್ಲ, ಆದರೆ ಕೆಳಗೆ ಚಿಕ್ಕದಾಗಿ ಬರೆದ ಒತ್ತಕ್ಷರ ಕಲಸಿಹೋಗುತ್ತದೆ. ಫೋಟೊವನ್ನು ಗ್ಯಾಲರಿಯಿಂದ ಕಳಿಸದೆ Document ಎಂಬಲ್ಲಿಂದ ಫೈಲಾಗಿ ಕಳಿಸಿದರೆ ಹೆಸರೂ ಉಳಿಯುತ್ತದೆ, ಗಾತ್ರವೂ ಉಳಿಯುತ್ತದೆ. ಕಳಿಸುವವರಿಗೆ ಮೊದಲೇ ಈ ಒಂದು ಮಾತು ಹೇಳಿದರೆ ಅರ್ಧ ಕೆಲಸ ತಪ್ಪುತ್ತದೆ. ನಾವು ಹೇಳಿರಲಿಲ್ಲ.

ಗಟ್ಟಿಯಾದ ಉಪಾಯವೆಂದರೆ ಕ್ರಮವನ್ನು ಫೈಲಿನ ಹೆಸರಿಗೆ ಬಿಡದೆ ಕಾಗದದ ಮೇಲೆಯೇ ಬರೆಯುವುದು. ಫೋಟೊ ತೆಗೆಯುವ ಮುಂಚೆ ಪ್ರತಿ ಪುಟದ ಮೇಲಿನ ಮೂಲೆಯಲ್ಲಿ ಪೆನ್ಸಿಲಿನಿಂದ ಪುಟಸಂಖ್ಯೆ ಹಾಕಬೇಕು, ಹಾಳೆಯ ಎರಡೂ ಬದಿಗೆ. 86 ಪುಟಕ್ಕೆ ಐದಾರು ನಿಮಿಷ ಹಿಡಿಯುತ್ತದೆ. ನೋಟ್‌ಬುಕ್ ಬೇರೆಯವರದಾಗಿದ್ದು ಅದರಲ್ಲಿ ಗೀಚಲು ಮನಸ್ಸು ಬಾರದಿದ್ದರೆ, ಅಂಕಿ ಬರೆದ ಚೀಟಿಯೊಂದನ್ನು ಪುಟದ ಪಕ್ಕದಲ್ಲಿ ಫೋಟೊದೊಳಗೆ ಬರುವಂತೆ ಇಟ್ಟರೂ ಆಯಿತು. ನಮ್ಮ ತಾಳೆಗರಿಗಳನ್ನು ಬರೆದವರಿಗೆ ಇದು ಗೊತ್ತಿತ್ತು. ಗರಿಗಳನ್ನು ಪೋಣಿಸಿದ ದಾರ ಹರಿದರೆ ಕಟ್ಟೆಲ್ಲ ಚೆಲ್ಲಾಡುತ್ತದೆಂದು ಗರಿಯ ಅಂಚಿನಲ್ಲಿ ಅಂಕಿ ಬರೆಯುತ್ತಿದ್ದರು. ಫೋಟೊಗಳಿಗೆ ಆ ದಾರವೂ ಇಲ್ಲ.

ನಮ್ಮ 88 ಫೋಟೊಗಳಲ್ಲಿ ಅಂಕಿಯೇ ಇರಲಿಲ್ಲವಾದ್ದರಿಂದ ಬೇರೆ ಥರ ಹೊರಡಬೇಕಾಯಿತು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಕೊಂಡು ಲಿಬ್ರೆ ಆಫೀಸ್‌ನ ಇಂಪ್ರೆಸ್ ತೆರೆದೆವು. ಅದು ಸ್ಲೈಡ್ ಮಾಡುವ ಉಚಿತ ತಂತ್ರಾಂಶ, ಪವರ್‌ಪಾಯಿಂಟ್ ಇದ್ದವರು ಅದನ್ನೇ ಬಳಸಬಹುದು. ಸ್ಲೈಡಿನ ಅಳತೆಯನ್ನು A4, ಉದ್ದುದ್ದ ಎಂದು ಬದಲಿಸಿ, Insert ಮೆನುವಿನ Media ಒಳಗಿರುವ Photo Album ಮೂಲಕ ಎಲ್ಲ ಚಿತ್ರಗಳನ್ನೂ ಒಮ್ಮೆಗೇ ಸೇರಿಸಿದರೆ ಒಂದೊಂದು ಚಿತ್ರ ಒಂದೊಂದು ಸ್ಲೈಡಾಗುತ್ತದೆ. ಆಮೇಲೆ Slide Sorter ನೋಟಕ್ಕೆ ಹೋದರೆ ಪುಟಗಳೆಲ್ಲ ಚಿಕ್ಕಚಿಕ್ಕದಾಗಿ ನೆಲದ ಮೇಲೆ ಹರಡಿದ ಹಾಗೆ ಕಾಣುತ್ತವೆ. ಬೇಕಾದ್ದನ್ನು ಮೌಸಿನಿಂದ ಹಿಡಿದು ಬೇಕಾದ ಜಾಗಕ್ಕೆ ಎಳೆದಿಡಬಹುದು. ಈ ಒಂದು ಅನುಕೂಲಕ್ಕಾಗಿಯೇ ನಾನು ಪಿಡಿಎಫ್ ಆಪ್‌ಗಳನ್ನು ಬಿಟ್ಟು ಸ್ಲೈಡಿಗೆ ಬಂದದ್ದು.

ಯಾವ ಪುಟದ ನಂತರ ಯಾವುದು ಎಂದು ತಿಳಿಯುವುದು ಹೇಗೆ? ಒಂದು ಪುಟದ ಕೊನೆಯ ಸಾಲನ್ನೂ ಮುಂದಿನ ಪುಟದ ಮೊದಲ ಸಾಲನ್ನೂ ಕೂಡಿಸಿ ಓದಬೇಕು. ಪಾಠ ಹೇಳುವಾಗ ಬರೆದುಕೊಂಡ ನೋಟ್ಸಿನಲ್ಲಿ ವಾಕ್ಯಗಳು ಪುಟದ ತುದಿಯಲ್ಲಿ ತುಂಡಾಗಿರುವುದೇ ಹೆಚ್ಚು, ಹಾಗಾಗಿ ಜೋಡಿ ಬೇಗ ಸಿಗುತ್ತದೆ. ಜೋಡಿ ಸಿಗದ ಕಡೆ ಇಂಕಿನ ಬಣ್ಣ ನೆರವಾಯಿತು. ಗೆಳತಿ ಮಧ್ಯದಲ್ಲಿ ನೀಲಿಯಿಂದ ಕಪ್ಪು ಪೆನ್ನಿಗೆ ಬದಲಾಗಿದ್ದಳು. ನಾಲ್ಕು ಪುಟಗಳು ಎರಡೆರಡು ಸಲ ಬಂದಿದ್ದವು, ಮಸುಕಾದ ಪ್ರತಿಗಳನ್ನು ತೆಗೆದುಹಾಕಿದೆವು. ಉಳಿದದ್ದು 84.

ಕಥೆ ಇಲ್ಲಿಗೆ ಮುಗಿಯಿತೆಂದುಕೊಂಡೆವು. ಆದರೆ ಬನವಾಸಿಯ ಕದಂಬರ ಬಗ್ಗೆ ಬರೆದ ಪುಟ "ಇವರ ಆಡಳಿತದಲ್ಲಿ" ಎಂದು ನಿಂತಿದ್ದರೆ, ಅದರ ಮುಂದಿನದೆಂದು ಇಟ್ಟ ಪುಟ ಬಾದಾಮಿ ಚಾಲುಕ್ಯರಿಂದ ಶುರುವಾಗುತ್ತಿತ್ತು. ಗೆಳತಿಗೆ ಫೋನ್ ಮಾಡಿ ನೋಟ್‌ಬುಕ್ಕಿನಲ್ಲಿ ಬರೆದ ಪುಟ ಎಷ್ಟಿವೆ ಎಂದು ಎಣಿಸಲು ಹೇಳಿದೆವು. 86. ಬಿಟ್ಟುಹೋದವು 42 ಮತ್ತು 43. ಇದು ಆಕಸ್ಮಿಕವಲ್ಲ. ನೋಟ್‌ಬುಕ್ ತೆರೆದಾಗ ಎಡಕ್ಕೆ ಸಮ ಸಂಖ್ಯೆ, ಬಲಕ್ಕೆ ಬೆಸ ಸಂಖ್ಯೆಯ ಪುಟ ಎದುರುಬದುರು ಇರುತ್ತವೆ. ಎರಡು ಹಾಳೆ ಅಂಟಿಕೊಂಡು ಒಟ್ಟಿಗೇ ಮಗುಚಿದರೆ ಅಂಥ ಒಂದು ಎದುರುಬದುರು ಜೋಡಿ ಪೂರ್ತಿ ತಪ್ಪಿಹೋಗುತ್ತದೆ. ಹಾಗಾಗಿ ಕಳೆದುಹೋಗುವ ಪುಟಗಳು ಸಾಮಾನ್ಯವಾಗಿ ಎರಡೆರಡಾಗಿ ಕಳೆಯುತ್ತವೆ. ಫೋಟೊಗಳ ಸಂಖ್ಯೆ ನೋಟ್‌ಬುಕ್ಕಿನ ಪುಟಗಳಿಗಿಂತ ಹೆಚ್ಚಿದೆ ಎಂಬ ಧೈರ್ಯದಲ್ಲಿ ನಾವು ಎಣಿಕೆ ಮಾಡಿರಲಿಲ್ಲ. ಹೆಚ್ಚಿದ್ದದ್ದು ಎರಡು ಸಲ ಬಂದವುಗಳಿಂದ.

ಕ್ರಮ ಗಟ್ಟಿಯಾದ ಮೇಲೆ ಚಿತ್ರಗಳಿಗೂ ಹೊಸ ಹೆಸರು ಕೊಟ್ಟಿಡುವುದು ಒಳ್ಳೆಯದು. ಕೊಡುವಾಗ 1, 2, 3 ಎನ್ನದೆ 001, 002, 003 ಎಂದು ಮೂರು ಅಂಕಿಯಲ್ಲಿ ಬರೆಯಬೇಕು. ಅನೇಕ ತಂತ್ರಾಂಶಗಳು ಹೆಸರನ್ನು ಅಂಕಿಯಾಗಿ ನೋಡುವುದಿಲ್ಲ, ನಿಘಂಟಿನ ಪದಗಳ ಹಾಗೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತವೆ. ಆಗ 1ರ ನಂತರ 10, 11, 12 ಬಂದು, 19 ಮುಗಿದ ಮೇಲೆ 2 ಬರುತ್ತದೆ. ವಿಂಡೋಸ್‌ನ ಫೋಲ್ಡರಿನಲ್ಲಿ ಸರಿಯಾಗಿಯೇ ಕಂಡದ್ದು ಪಿಡಿಎಫ್ ಮಾಡುವ ಆಪ್‌ಗೆ ಹಾಕಿದಾಗ ಚೆಲ್ಲಾಪಿಲ್ಲಿಯಾಗುವುದು ಇದರಿಂದಲೇ. ಫೋಲ್ಡರು ಅಂಕಿ ಎಂದು ಓದಿತು, ಆಪ್ ಅಕ್ಷರ ಎಂದು ಓದಿತು.

ಕೆಲವು ಪುಟ ಅಡ್ಡಡ್ಡ ಬಂದಿದ್ದವು. ಮೇಜಿನ ಮೇಲಿನ ಪುಸ್ತಕದ ಫೋಟೊ ತೆಗೆಯುವಾಗ ಫೋನು ನೆಲಕ್ಕೆ ಮುಖಮಾಡಿ ಮಲಗಿರುತ್ತದೆ. ಯಾವ ಕಡೆ ಮೇಲು ಎಂದು ತಿಳಿಯಲು ಫೋನು ಭೂಮಿಯ ಸೆಳೆತವನ್ನು ನೋಡುತ್ತದೆ, ಮಲಗಿದಾಗ ಅದಕ್ಕೆ ಗುರುತು ಸಿಗುವುದಿಲ್ಲ, ಏನೋ ಒಂದು ದಿಕ್ಕನ್ನು ಬರೆದುಬಿಡುತ್ತದೆ. ಅಂಥವನ್ನು ಸೇರಿಸುವ ಮೊದಲೇ ಗ್ಯಾಲರಿಯಲ್ಲಿ ತಿರುಗಿಸಿ ಉಳಿಸಿಕೊಂಡರೆ ಮುಂದೆ ರಗಳೆಯಿಲ್ಲ.

ಇನ್ನು ಹುಡುಕುವ ಮಾತು. ಪಿಡಿಎಫ್‌ನಲ್ಲಿ ಪುಟದ ಫೋಟೊ ಮಾತ್ರ ಇದ್ದರೆ ಕಂಪ್ಯೂಟರಿಗೆ ಅಲ್ಲಿ ಅಕ್ಷರವೇ ಇಲ್ಲ, ಕಪ್ಪುಬಿಳಿ ಚುಕ್ಕಿಗಳಿವೆ ಅಷ್ಟೆ. ಹುಡುಕಬಹುದಾದ ಪಿಡಿಎಫ್ ಎಂದರೆ ಆ ಚಿತ್ರದ ಜೊತೆಗೆ ಅದೇ ಪದಗಳು ನಿಜವಾದ ಅಕ್ಷರಗಳಾಗಿಯೂ ಕಣ್ಣಿಗೆ ಕಾಣದ ಪದರವೊಂದರಲ್ಲಿ ಇರುವಂಥದ್ದು. ನಾವು ನೋಡುವುದು ಚಿತ್ರವನ್ನು, Ctrl+F ನೋಡುವುದು ಪದರವನ್ನು. ಆ ಪದರವನ್ನು ತಾನಾಗಿ ತುಂಬುವ ವಿದ್ಯೆಗೆ ಓಸಿಆರ್ ಎಂದು ಹೆಸರು. ಇದರಲ್ಲಿ ಉಚಿತವಾಗಿ ಸಿಗುವ ಪ್ರಸಿದ್ಧ ತಂತ್ರಾಂಶ ಟೆಸೆರಾಕ್ಟ್. 1980ರ ದಶಕದಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಮುಕ್ತವಾದದ್ದು. ಅದಕ್ಕೆ ಕನ್ನಡವೂ ಬರುತ್ತದೆ. ಸ್ಪಷ್ಟವಾಗಿ ಮುದ್ರಿಸಿದ ಪಠ್ಯಪುಸ್ತಕದ ಪುಟ ಕೊಟ್ಟರೆ ಚೆನ್ನಾಗಿಯೇ ಓದುತ್ತದೆ.

ಕೈಬರಹ ಕೊಟ್ಟು ನೋಡಿದೆವು. ತಾಳಗುಂದದ ಪುಟದಲ್ಲಿ ನಾವು ಮುಂದೆ ಹುಡುಕಬಹುದಾದ ಹತ್ತು ಪದಗಳನ್ನು ಮೊದಲೇ ಗುರುತಿಸಿಟ್ಟುಕೊಂಡಿದ್ದೆವು. ಟೆಸೆರಾಕ್ಟ್ ಕೊಟ್ಟ ಪಠ್ಯದಲ್ಲಿ ಅವುಗಳಲ್ಲಿ ಒಂದೂ ಸರಿಯಾಗಿ ಇರಲಿಲ್ಲ. ಗೂಗಲ್ ಡ್ರೈವ್‌ಗೆ ಫೋಟೊ ಹಾಕಿ, ಅದರ ಮೇಲೆ ಬಲ ಕ್ಲಿಕ್ ಮಾಡಿ Google Docs ಮೂಲಕ ತೆರೆದರೆ ಚಿತ್ರದ ಕೆಳಗೆ ಪಠ್ಯ ಬರುತ್ತದೆ. ಅಲ್ಲಿ ಹತ್ತರಲ್ಲಿ ಎರಡು ಸಿಕ್ಕವು. ಹುಡುಗಿ ತಾನೇ ಬಿಡಿಬಿಡಿಯಾಗಿ ಬರೆದಿದ್ದ ಇಂಗ್ಲಿಷ್ ನೋಟ್ಸಿನ ಪುಟವನ್ನು ಅದೇ ಡ್ರೈವ್‌ಗೆ ಕೊಟ್ಟಾಗ ಏಳು ಸಿಕ್ಕವು. ಹೀಗೆ ಹತ್ತು ಪದ ಇಟ್ಟುಕೊಂಡು ನೋಡುವುದನ್ನು ಯಾರು ಬೇಕಾದರೂ ಮಾಡಬಹುದು. ಪಠ್ಯ ಬಂತಲ್ಲ ಎಂದು ಸಮಾಧಾನಪಟ್ಟರೆ ಮೋಸಹೋಗುತ್ತೇವೆ. ಹುಡುಕಿದಾಗ "ಸಿಗಲಿಲ್ಲ" ಎಂದು ಬಂದರೆ ಆ ವಿಷಯ ನೋಟ್ಸಿನಲ್ಲೇ ಇಲ್ಲವೆಂದು ನಂಬಿಬಿಡುತ್ತೇವೆ.

ಕನ್ನಡ ಕೈಬರಹ ಯಂತ್ರಕ್ಕೆ ಏಕೆ ಇಷ್ಟು ಕಷ್ಟ? ಟೆಸೆರಾಕ್ಟ್ ಕಲಿತಿರುವುದು ಮುದ್ರಣದ ಅಕ್ಷರಗಳಿಂದ, ಅಲ್ಲಿ ಒಂದು 'ಮ' ಇದ್ದಂತೆಯೇ ಇನ್ನೊಂದು 'ಮ' ಇರುತ್ತದೆ. ಕೈಯಲ್ಲಿ ಅವಸರದಿಂದ ಬರೆದ 'ಮ' ಮತ್ತು 'ವು' ಬೇರೆ ಬೇರೆಯೆಂದು ನಮಗೇ ವಾಕ್ಯ ಓದಿದ ಮೇಲೆ ತಿಳಿಯುತ್ತದೆ. 'ಪ'ಕ್ಕೆ ಒಂದು ಸಣ್ಣ ಗೆರೆ ಎಳೆದರೆ 'ಷ', 'ಬ'ದ ಕೆಳಗಿನ ಒಂದು ಸೀಳು ಮರೆತರೆ 'ಭ' ಇಲ್ಲ. ಇವಕ್ಕೆಲ್ಲ ಮೇಲಾಗಿ ಒತ್ತಕ್ಷರ. ಗೆರೆ ಹಾಕಿದ ಹಾಳೆಯಲ್ಲಿ ಒಂದು ಸಾಲಿನ ಒತ್ತು ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೋ ಕೊಂಬಿಗೋ ತಾಗುತ್ತದೆ. ಸಾಲುಗಳನ್ನು ಬೇರ್ಪಡಿಸುವುದೇ ಓಸಿಆರ್‌ನ ಮೊದಲ ಹೆಜ್ಜೆ, ಅಲ್ಲೇ ಎಡವಿದರೆ ಮುಂದಿನದೆಲ್ಲ ಹಾಳು.

ಹಾಗಾದರೆ ಮಾಡುವುದೇನು? ಪುಟವನ್ನೆಲ್ಲ ಟೈಪ್ ಮಾಡಬೇಕಾಗಿಲ್ಲ. ಓದುವ ಹುಡುಗಿ ಒಂದು ಪುಟವನ್ನು ಯಾವ ಪದದಿಂದ ಹುಡುಕುತ್ತಾಳೆ ಎಂದು ಯೋಚಿಸಿದರೆ ಅಂಥವು ಐದಾರಕ್ಕಿಂತ ಹೆಚ್ಚಿರುವುದಿಲ್ಲ. ಆ ಐದಾರನ್ನು ನಾವೇ ಟೈಪ್ ಮಾಡಿ ಪುಟದ ಮೇಲೆ ಒಂದು ಸಾಲಾಗಿ ಇಟ್ಟರೆ, ಯಂತ್ರ ಓದಲಾಗದ್ದನ್ನು ನಾವು ಓದಿಕೊಟ್ಟಂತಾಯಿತು. ಇಂಪ್ರೆಸ್‌ನಲ್ಲಿ ಪ್ರತಿ ಸ್ಲೈಡಿನ ಮೇಲ್ತುದಿಯಲ್ಲಿ ಚಿತ್ರವನ್ನು ಸ್ವಲ್ಪ ಕೆಳಗೆ ಸರಿಸಿ ಒಂದು ಚಿಕ್ಕ ಪಠ್ಯಚೌಕ ಇಟ್ಟೆವು. ತಾಳಗುಂದದ ಪುಟದ ಸಾಲು ಹೀಗಿತ್ತು: ಪುಟ 39, ಕದಂಬರು, ತಾಳಗುಂದ ಶಾಸನ, ಮಯೂರಶರ್ಮ, ಮಯೂರವರ್ಮ, ಬನವಾಸಿ. ಒಬ್ಬನೇ ರಾಜನ ಹೆಸರು ಎರಡು ಸಲ ಏಕೆಂದರೆ ಪುಸ್ತಕಗಳಲ್ಲಿ ಎರಡೂ ರೂಪ ಇವೆ, ಪರೀಕ್ಷೆಯ ಹಿಂದಿನ ರಾತ್ರಿ ಯಾವುದು ನೆನಪಿಗೆ ಬರುತ್ತದೋ ಗೊತ್ತಿಲ್ಲ. ಪುಲಕೇಶಿ, ಪುಲಿಕೇಶಿ ಎರಡನ್ನೂ ಹೀಗೆಯೇ ಹಾಕಿದೆವು.

ಪದಗಳನ್ನು ಆರಿಸುವಾಗ ಕನ್ನಡಕ್ಕೇ ಹೊಂದುವ ಒಂದು ಲೆಕ್ಕಾಚಾರವಿದೆ. ಹುಡುಕಾಟ ಕೆಲಸ ಮಾಡುವುದು ಅಕ್ಷರಗಳ ಸಾಲನ್ನು ಹೋಲಿಸಿ. "ಕದಂಬ" ಎಂದು ಹುಡುಕಿದರೆ ಕದಂಬರು, ಕದಂಬರ, ಕದಂಬರಿಗೆ ಎಲ್ಲವೂ ಸಿಗುತ್ತವೆ. "ಕದಂಬರಿಗೆ" ಎಂದು ಹುಡುಕಿದರೆ "ಕದಂಬರು" ಸಿಗುವುದಿಲ್ಲ. ಹಾಗಾಗಿ ಹುಡುಕುವಾಗ ವಿಭಕ್ತಿಯನ್ನು ಬಿಟ್ಟು ಮೊಟಕಾದ ರೂಪವನ್ನೇ ಕೊಡಬೇಕು. ಇಸವಿಗಳಲ್ಲೂ ಎಚ್ಚರ ಬೇಕು. ೧೩೩೬ ಎಂದು ಬರೆದಿಟ್ಟು 1336 ಎಂದು ಹುಡುಕಿದರೆ ಬಹಳಷ್ಟು ಪಿಡಿಎಫ್ ಓದುಗ ತಂತ್ರಾಂಶಗಳಿಗೆ ಎರಡೂ ಒಂದೇ ಎಂದು ತಿಳಿಯುವುದಿಲ್ಲ. ಯಾವುದಾದರೂ ಒಂದು ಬಗೆಯನ್ನು ಹಿಡಿದು ಕೊನೆಯವರೆಗೂ ಅದನ್ನೇ ಬರೆಯಬೇಕು.

ಇದಕ್ಕಿಂತ ದೊಡ್ಡ ಅಪಾಯ ಫಾಂಟಿನದು. ಕನ್ನಡದಲ್ಲಿ ಟೈಪ್ ಮಾಡುವುದಕ್ಕೆ ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಹಳೆಯ ನುಡಿ ಫಾಂಟುಗಳು ಬಳಕೆಯಲ್ಲಿವೆ. ಅವು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಫೋನಿನ ಕೀಲಿಮಣೆಯಲ್ಲಿ ನಾವು ಟೈಪಿಸುವುದು ಯೂನಿಕೋಡ್ ಕನ್ನಡ. ಎರಡಕ್ಕೂ ತಾಳೆಯಾಗುವುದಿಲ್ಲ, ಕಣ್ಣೆದುರಿಗೆ "ತಾಳಗುಂದ" ಎಂದು ಇದ್ದರೂ ಹುಡುಕಾಟಕ್ಕೆ ಸಿಗದು. ಆದ್ದರಿಂದ ಯೂನಿಕೋಡ್‌ನಲ್ಲಿ, ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟಿನಲ್ಲಿ ಟೈಪ್ ಮಾಡಬೇಕು.

ಎಲ್ಲ ಆದ ಮೇಲೆ File ಮೆನುವಿನಿಂದ Export as PDF. ಅಲ್ಲಿ ಚಿತ್ರದ ಸಾಂದ್ರತೆಯನ್ನು ಕುಗ್ಗಿಸುವ ಆಯ್ಕೆ ಇದೆ. ಇಂಚಿಗೆ 200 ಚುಕ್ಕಿಯಷ್ಟಿದ್ದರೆ ಕೈಬರಹ ಓದಲು ಧಾರಾಳ. ಒಂದೊಂದು ಮೂಲ ಫೋಟೊ ಮೂರು ನಾಲ್ಕು ಎಂಬಿ ಇದ್ದರೆ 86 ಪುಟಕ್ಕೆ ಮುನ್ನೂರು ಎಂಬಿ ದಾಟಿಬಿಡುತ್ತದೆ, ಹೀಗೆ ಕುಗ್ಗಿಸಿದರೆ ಫೋನಿನಲ್ಲಿ ಸಲೀಸಾಗಿ ತೆರೆಯುವ ಮಟ್ಟಕ್ಕೆ ಇಳಿಯುತ್ತದೆ. ಸ್ಲೈಡಿನ ಮೂಲ ಫೈಲನ್ನು ಅಳಿಸಬಾರದು. ಒಂದು ಪದ ತಪ್ಪಿದರೂ ಅಲ್ಲಿ ತಿದ್ದಿ ಮತ್ತೆ ಪಿಡಿಎಫ್ ಮಾಡಿಕೊಳ್ಳುವುದೇ ಸುಲಭ.

ಪಿಡಿಎಫ್ ಕೈಗೆ ಬಂದ ಕೂಡಲೇ ಒಂದು ಪರೀಕ್ಷೆ ಮಾಡಬೇಕು, ಅದಕ್ಕೆ ಅರ್ಕಾವತ್ತು ಇರುವ ಪದವೇ ಬೇಕು. "ಮೌರ್ಯ", "ಧರ್ಮ", "ಕರ್ನಾಟಕ" ಇಂಥವು. ನಾವು 'ರ' ಮೊದಲು ಉಚ್ಚರಿಸುತ್ತೇವೆ, ಟೈಪ್ ಮಾಡುವಾಗಲೂ ಅದು ಮೊದಲು. ಆದರೆ ಕಾಣುವಾಗ ಅದರ ಗುರುತು ಮುಂದಿನ ಅಕ್ಷರದ ಬಲಕ್ಕೆ ಹೋಗಿ ಕೂರುತ್ತದೆ. ಕೆಲವು ತಂತ್ರಾಂಶಗಳು ಪಿಡಿಎಫ್ ಮಾಡುವಾಗ ಉಚ್ಚಾರದ ಕ್ರಮವನ್ನು ಕೈಬಿಟ್ಟು ಕಾಣುವ ಕ್ರಮವನ್ನೇ ಉಳಿಸಿಬಿಡುತ್ತವೆ. ನೋಡಲು ಚೆಂದ, ಹುಡುಕಲು ಶೂನ್ಯ. ಪಿಡಿಎಫ್‌ನಿಂದ ಆ ಪದವನ್ನು ಕಾಪಿ ಮಾಡಿ ಬೇರೆಡೆ ಅಂಟಿಸಿ ನೋಡಿದರೆ ಗೊತ್ತಾಗುತ್ತದೆ. ಅಕ್ಷರ ಒಡೆದು ಬಿದ್ದರೆ ಫಾಂಟ್ ಬದಲಿಸಬೇಕು, ಇಲ್ಲವೇ ಬೇರೆ ತಂತ್ರಾಂಶದಿಂದ ಪಿಡಿಎಫ್ ಮಾಡಬೇಕು. "ಬನವಾಸಿ" ಒಂದನ್ನೇ ಹುಡುಕಿ ಸಿಕ್ಕಿತೆಂದು ಬಿಟ್ಟರೆ ಈ ದೋಷ ಬಯಲಾಗುವುದೇ ಇಲ್ಲ. ಒತ್ತಿಲ್ಲದ ಪದ ಸಾಮಾನ್ಯವಾಗಿ ಸರಿಯಾಗಿಯೇ ಸಿಗುತ್ತದೆ.

ಒಂದೊಂದು ಪುಟಕ್ಕೆ ಎರಡು ನಿಮಿಷ ಹಿಡಿಯಿತು, ಒಟ್ಟು ಮೂರು ಗಂಟೆ. ಅವಳು ಪುಟ ಓದಿ ಪದ ಹೇಳುತ್ತಿದ್ದಳು, ನಾನು ಟೈಪಿಸುತ್ತಿದ್ದೆ. ಅರ್ಧ ದಾರಿಯಲ್ಲಿ ಅವಳಿಗೇ ಕೆಲಸದ ಹದ ಸಿಕ್ಕಿತು. "ಶೀರ್ಷಿಕೆ ಮಾತ್ರ ಹಾಕಿದ್ರೆ ಸಾಲದು ಚಿಕ್ಕಮ್ಮ, ನನಗೆ ಯಾವಾಗಲೂ ಮರೆತುಹೋಗೋದು ಯುದ್ಧದ ಹೆಸರು" ಎಂದು ಯುದ್ಧಗಳನ್ನೆಲ್ಲ ಸೇರಿಸಿದಳು. ನಕ್ಷೆ ಬಿಡಿಸಿದ ಪುಟಗಳಿಗೆ "ನಕ್ಷೆ" ಎಂಬ ಪದವನ್ನೂ ಹಾಕಿದಳು, ಅದು ನನಗೆ ಹೊಳೆದಿರಲಿಲ್ಲ. ಈಗ ಆ ಒಂದು ಪದ ಹುಡುಕಿದರೆ ನಕ್ಷೆಗಳೆಲ್ಲ ಒಂದಾದ ಮೇಲೊಂದು ಬರುತ್ತವೆ.

ಆ ಫೈಲನ್ನು ಗೆಳತಿಗೂ ಕಳಿಸಿದಳು. ಮುಂದಿನ ಪಾಠದ ಫೋಟೊಗಳು ಎರಡು ವಾರದ ನಂತರ ಬಂದವು, ಈ ಸಲ Document ಆಗಿ. ಪ್ರತಿ ಪುಟದ ಮೂಲೆಯಲ್ಲೂ ಪೆನ್ಸಿಲಿನ ಅಂಕಿ ಇತ್ತು, 87ರಿಂದ ಶುರುವಾಗಿ.